ರೊಟ್ಟಿಯ ಲೆಕ್ಕ, ಅನ್ನದ ಲೆಕ್ಕ

ಅಪ್ಪನಿಗೆ ಶುಗರ್ ಬಂದಾಗಿನಿಂದ ನಮ್ಮ ಗಂಗಾವತಿ ಮನೆಯಲ್ಲಿ ಬೈಸಿಕೊಂಡದ್ದು ಅನ್ನ ಮಾತ್ರ. "ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲವ್ವ" ಅಂತ ಅಪ್ಪ ಎರಡು ರೊಟ್ಟಿ ಮುಗಿಸಿ, ಮೇಲೆ ಅನ್ನ ಬಡಿಸಿಕೊಳ್ಳುತ್ತಿದ್ದ. ಊಟವಾಗಿ ಎರಡು ತಾಸಿಗೆ ಬೆರಳು ಚುಚ್ಚಿದರೆ ಮೀಟರ್ 260ರ ಆಸುಪಾಸು ತೋರಿಸುತ್ತಿತ್ತು.

ಅಡುಗೆಮನೆಗೊಂದು ಡಿಜಿಟಲ್ ತಕ್ಕಡಿ ತಂದೆ. ಅವ್ವ 300 ಗ್ರಾಂ ಹಿಟ್ಟಿಗೆ ಆರು ರೊಟ್ಟಿ ಬಡಿಯುತ್ತಾಳೆ, ಅಂದರೆ ಒಂದಕ್ಕೆ 50 ಗ್ರಾಂ. ಜೋಳದ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ಹಾಗಾಗಿ ಒಂದು ರೊಟ್ಟಿಗೆ 35. ಅನ್ನವನ್ನು ಬೆಂದ ಮೇಲೆಯೇ ತೂಗಬೇಕು. ಹಸಿ ಅಕ್ಕಿಯಲ್ಲಿ ನೂರಕ್ಕೆ 78ರಷ್ಟಿದ್ದದ್ದು, ನೀರು ಕುಡಿದು ಉಬ್ಬಿದ ಅನ್ನದಲ್ಲಿ 28ಕ್ಕೆ ಇಳಿದಿರುತ್ತದೆ. ಅಪ್ಪನ ತಾಟಿನಲ್ಲಿ 250 ಗ್ರಾಂ ಅನ್ನ ಇತ್ತು, 70 ಆಯಿತು. ಎರಡು ರೊಟ್ಟಿಗೂ ಅಷ್ಟೇ, 70! ಬ್ಯಾಳಿಯದು ಹದಿನೈದು ಹಿಡಿದರೆ ಒಂದೇ ಊಟಕ್ಕೆ 155.

ತಾಟು ಬದಲಿಸುವ ಮೊದಲು ಡಾಕ್ಟರ ಹತ್ತಿರ ಹೋದೆವು. ಈ ಹೆಜ್ಜೆ ಬಿಡಬಾರದು. ಅಪ್ಪನ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆ. ಉಂಡದ್ದು ಕಡಿಮೆಯಾದರೂ ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಶುಗರ್ 70ಕ್ಕಿಂತ ಕೆಳಗಿಳಿದು ಕೈ ನಡುಗಿ ಬೆವರು ಬರಬಹುದು. ಅವರು ಮಾತ್ರೆಯ ಪ್ರಮಾಣ ತಗ್ಗಿಸಿದರು. ಹಾಗೇನಾದರೂ ಆದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ತಾಸಿನ ನಂತರ ಮತ್ತೆ ನೋಡಿ ಅಂದರು.

ಆಮೇಲೆ ಒಂದು ರೊಟ್ಟಿ, 100 ಗ್ರಾಂ ಅನ್ನ, ಅದೇ ಬ್ಯಾಳಿ. ಒಟ್ಟು 78. ಖಾಲಿಯಾದ ಜಾಗಕ್ಕೆ ಬದನೆಕಾಯಿ ಪಲ್ಲೆ, ಹಸಿ ಮೆಂತ್ಯಸೊಪ್ಪು, ಸವತೆಕಾಯಿ, ಮೊಸರು. ತಾಟು ಬರಿದಾಗಿ ಕಂಡರೆ ಅಪ್ಪ ಉಣ್ಣುವವನೇ ಅಲ್ಲ, ಅದಕ್ಕೇ ಪಲ್ಲೆ ಎರಡು ಸೌಟು ಹೆಚ್ಚೇ ಬಡಿಸುತ್ತಿದ್ದೆ. ಮೀಟರ್ 170ರ ಹತ್ತಿರಕ್ಕೆ ಬಂತು.

ಆದರೆ ಪುಂಡಿಪಲ್ಲೆ ಮಾಡಿದ ದಿನ ಅದೇ ಲೆಕ್ಕದ ಊಟಕ್ಕೆ ಮತ್ತೆ 200 ದಾಟುತ್ತಿತ್ತು. ಸೊಪ್ಪಿನಿಂದ ಹೀಗಾಗುವುದುಂಟೆ? ಅವ್ವ ಅಡುಗೆ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದೆ: ಪುಂಡಿಯ ಹುಳಿ ಮುರಿಯಲು ಜೋಳದ ನುಚ್ಚು ಹಿಡಿ ಹಿಡಿಯಾಗಿ ಹಾಕುತ್ತಿದ್ದಳು. ತೂಗಿದಾಗ ಅಪ್ಪನ ಪಾಲಿಗೆ ಬರುವ ನುಚ್ಚು 40 ಗ್ರಾಂ, ಅಂದರೆ 28 ಕಾರ್ಬ್. ನೂರು ಗ್ರಾಂ ಅನ್ನಕ್ಕೆ ಸಮ.

ನುಚ್ಚು ಕಡಿಮೆ ಮಾಡು ಅಂದರೆ ಅವ್ವ ಒಪ್ಪಲಿಲ್ಲ, ಹುಳಿ ಹಲ್ಲು ಚುಳ್ ಅನ್ನಿಸುತ್ತದಂತೆ. ಅಪ್ಪನೇ ತೀರ್ಪು ಕೊಟ್ಟ: "ಪುಂಡಿಪಲ್ಲೆ ಇದ್ದ ದಿನ ನನಗ ಅನ್ನ ಬ್ಯಾಡ. ರೊಟ್ಟಿ ಮಾತ್ರ ಮುಟ್ಟಬ್ಯಾಡ್ರಿ." ಈಗ ಹಾಗೇ ನಡೆದಿದೆ.