ಇನ್‌ಕ್ಯುಬೇಟರ್‌ನಲ್ಲಿದ್ದ ಮಗಳಿಗೆ ಅಝಾನ್ ಕೊಟ್ಟಿದ್ದು

ಮಗಳು ಹುಟ್ಟಿದ್ದು ಎಂಟನೇ ತಿಂಗಳಲ್ಲಿ. ನೇರ ಇನ್‌ಕ್ಯುಬೇಟರ್‌ಗೆ ಹೋದಳು. ಹುಟ್ಟಿದ ಮಗುವಿನ ಬಲಕಿವಿಯಲ್ಲಿ ಅಝಾನ್, ಎಡಕಿವಿಯಲ್ಲಿ ನಮಾಝಿಗೆ ನಿಲ್ಲುವಾಗ ಕೂಗುವ ಇಖಾಮತ್ ಹೇಳುವುದು ನಮ್ಮ ವಾಡಿಕೆ. "ಹುಟ್ಟಿದ ತಕ್ಷಣ ಆಗದಿದ್ದರೆ ಏನು ಫಲ? ಪೆಟ್ಟಿಗೆಯೊಳಗಿನ ಮಗುವಿಗೆ ಹೇಗೆ ಕೇಳಿಸುತ್ತೆ?" ಎಂದರು ಚಿಕ್ಕಪ್ಪ. ಇದು ಮಾಡಿದರೆ ಒಳ್ಳೆಯದೆನ್ನುವ ಸುನ್ನತ್, ಕಡ್ಡಾಯವಾದ ಫರ್ಝ್ ಅಲ್ಲ. ತಡವಾದರೂ ಕೊಡಬಹುದು ಎಂಬುದು ನನಗೆ ಗೊತ್ತಿತ್ತು.

ಮೊದಲ ಮಗನ ಸಲ ನಾನೇ ಕೆಡಿಸಿದ್ದೆ. ಮಸೀದಿಯಲ್ಲಿ ಕೊಡುವ ಹಾಗೆ ಗಂಟಲೆತ್ತಿದೆ. ಮಗು ಎರಡೂ ಕೈ ಚಾಚಿ ಬೆಚ್ಚಿಬಿದ್ದು ಕಿರುಚಿತು. ಆ ಗಾಬರಿಯಲ್ಲಿ ಎಡಕಿವಿಯ ಇಖಾಮತ್‌ನಲ್ಲಿ "ಖದ್ ಖಾಮತಿಸ್ಸಲಾಹ್" ಬಿಟ್ಟೇಹೋಯಿತು, ಮತ್ತೆ ಮೊದಲಿಂದ ಹೇಳಿದೆ.

ಈ ಸಲ ಮೂರನೇ ದಿನ ಅನುಮತಿ ಸಿಕ್ಕಿತು. ನಮಾಝಿಗೆ ಮಾಡುವ ಹಾಗೆ ವುಝೂ ಮಾಡಿ, ಮೊಣಕೈವರೆಗೆ ಸೋಪಿನಲ್ಲಿ ಕೈ ತೊಳೆದು, ಮಾಸ್ಕ್ ಹಾಕಿ ಒಳಗೆ ಹೋದರೆ ಮಗು ಬಲಕ್ಕೆ ಹೊರಳಿತ್ತು, ಬಲಕಿವಿ ಹಾಸಿಗೆಗೆ ಅಂಟಿತ್ತು. ಆತುರಪಟ್ಟು ಮುಟ್ಟಲಿಲ್ಲ. ಡಯಾಪರ್ ಬದಲಿಸುವ ಹೊತ್ತಿಗೆ ನರ್ಸಮ್ಮನೇ ಹೊರಳಿಸಿದರು, ಅಲ್ಲಿವರೆಗೆ ಸುಮಾರು ಮುಕ್ಕಾಲು ಗಂಟೆ ಕಾದೆ.

ಕೈ ತೂರಿಸುವ ಕಿಂಡಿಗೆ ಬಾಯಿ ತಂದು, ಕಿವಿಯಿಂದ ಗೇಣು ದೂರದಲ್ಲಿ ಶುರುಮಾಡಿದೆ. ಬರೀ ಪಿಸುಮಾತು ಬೇಡ: "ಸ", "ಶ" ಮಾತ್ರ ಬುಸ್ಸೆನ್ನುತ್ತವೆ, ಉಳಿದ ಅಕ್ಷರ ಸಾಯುತ್ತವೆ. ಎದೆಯಿಂದ ಬರುವ ತಗ್ಗಿದ ದನಿ ಬೇಕು. ಆ ಪೆಟ್ಟಿಗೆಯಲ್ಲಿ ದನಿ ಗುಂಯ್‌ಗುಡುತ್ತದೆ, ಆದ್ದರಿಂದ ಒಂದು ವಾಕ್ಯದ ಗುಂಯ್ ಅಡಗಿದ ಮೇಲೇ ಮುಂದಿನದು. ಅಝಾನ್‌ಗೆ ಎರಡು ನಿಮಿಷ, ಇಖಾಮತ್‌ಗೆ ಒಂದಕ್ಕಿಂತ ಕಡಿಮೆ ಹಿಡಿದಿರಬೇಕು. "ಹಯ್ಯ ಅಲಸ್ಸಲಾಹ್" ಬರುವಾಗ ಅವಳ ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡವು. ಪರದೆ ಮೇಲಿನ ಹೃದಯಬಡಿತ ನೂರೈವತ್ತರ ಆಸುಪಾಸಿನಲ್ಲೇ ನಿಂತಿತು, ಒಮ್ಮೆಯೂ ಅಲಾರಂ ಕೂಗಲಿಲ್ಲ.

ಆಮೇಲೆ, ಮಗಳನ್ನೂ ಅವಳ ಸಂತತಿಯನ್ನೂ ಶೈತಾನನಿಂದ ಕಾಪಾಡೆಂದು ಮರ್ಯಮರ ತಾಯಿ ಬೇಡಿದ ದುಆ: "ಇನ್ನೀ ಉಈಝುಹಾ ಬಿಕ ವ ಝುರ್ರಿಯ್ಯತಹಾ ಮಿನಶ್ಶೈತಾನಿರ್ರಜೀಮ್." ಅದು ಹೆಣ್ಣುಮಗುವಿಗೇ ಇಳಿದ ಮಾತು, "ಅವಳು" ಎಂದು ಸೂಚಿಸುವ "ಹಾ" ಹಾಗೇ ಇರಲಿ. ಗಂಡಾದರೆ ಎರಡೂ ಕಡೆ "ಹು" ಮಾಡಿ ಹೇಳುವವರಿದ್ದಾರೆ.

ಅದಕ್ಕೂ ಮೊದಲು ಮನೆಯಲ್ಲಿ ಫೋನಿನ ಅಝಾನ್ ರೆಕಾರ್ಡಿಂಗ್ ಇಟ್ಟೂ ನೋಡಿದ್ದೆ, ದಿಂಬಿನ ಪಕ್ಕ. ಕರ್ಕಶ. ಹೇಳುವವನ ನಿಯ್ಯತ್ತೂ ಅದರಲ್ಲಿಲ್ಲ. ತಹ್ನೀಕ್ ಕೈಬಿಟ್ಟೆ, ನಳಿಕೆಯಲ್ಲಿ ಹಾಲು ಕುಡಿಯುವ ಮಗುವಿನ ಬಾಯಿಗೆ ಖರ್ಜೂರ ಸವರಲು ಡಾಕ್ಟರ್ ಒಪ್ಪಲಿಲ್ಲ. ಜೇನು ಸವರೋಣವೆಂದರು ಅತ್ತೆ. ವರ್ಷ ತುಂಬುವವರೆಗೆ ಜೇನು ಅಪಾಯ, ಖಡಾಖಂಡಿತ ಬೇಡವೆಂದೆ. ಮಗುವಿನ ಹೆಸರಲ್ಲಿ ಏಳನೇ ದಿನ ಕೊಡುವ ಬಲಿ, ಅಖೀಖಾದ ಆಡಿಗೆಂದು ಕೂಡಿಟ್ಟ ಹಣವೆಲ್ಲ ಆಸ್ಪತ್ರೆ ಬಿಲ್ಲಿಗೆ ಹೋಯಿತು. ಏಳನೇ ದಿನ ತಪ್ಪಿತು, ಇಪ್ಪತ್ತೊಂದೂ ತಪ್ಪಿತು, ಕೈ ಸುಧಾರಿಸಿದ ಮೇಲೆ ಮಾಡಿದೆವು.

ಹೋದ ವರ್ಷ ಚಿಕ್ಕಪ್ಪನ ಮೊಮ್ಮಗನೂ ಅವಧಿಗೆ ಮೊದಲೇ ಹುಟ್ಟಿದ. ಫೋನು ಬಂದದ್ದು ನನಗೆ. ಬರುವ ಮೊದಲು ಒಂದೇ ಹೇಳಿದೆ: ಮಗುವಿನ ಅಪ್ಪ ಉಂಗುರ ತೆಗೆದಿರಲಿ, ಪೆಟ್ಟಿಗೆಗೆ ತಾಗಿದರೆ ಒಳಗೆ ಸುತ್ತಿಗೆ ಬಡಿದಂತೆ ಕೇಳುತ್ತದೆ.