ಬಿಳಿ ಗೋಡೆ, ಮಬ್ಬು ಮುಖ

ಸುಣ್ಣ ಬಳಿದ ಗೋಡೆಯ ಮುಂದೆ ಅಜ್ಜಿಯನ್ನು ಕೂರಿಸಿ ಫೋಟೊ ತೆಗೆದೆ. ಕ್ಯಾಮೆರಾ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಕಂಪ್ಯೂಟರಿಗೆ ಹಾಕಿದರೆ ಮುಖ ಮಬ್ಬು, ಗೋಡೆ ಬೂದು. ಪರದೆಯ ಬೆಳಕನ್ನು ನಾನೇ ಪೂರ್ತಿ ಏರಿಸಿಟ್ಟಿದ್ದೆ, ಅದನ್ನು ನಂಬಿ ಕೆಟ್ಟೆ.

ಚಿತ್ರದ ಬೆಳಕು-ಕತ್ತಲೆಯ ಹಂಚಿಕೆಯನ್ನು ಗುಡ್ಡದಂತೆ ತೋರಿಸುವ ನಕ್ಷೆ, ಹಿಸ್ಟೋಗ್ರಾಂ ನೋಡಿದೆ. ಅದರ ಎಡತುದಿ ಕಪ್ಪು, ಬಲತುದಿ ಬಿಳಿ. ಗುಡ್ಡ ಎತ್ತರವಿದ್ದಷ್ಟೂ ಆ ಮಟ್ಟದ ಬೆಳಕಿನ ಪಿಕ್ಸೆಲ್‌ಗಳು ಹೆಚ್ಚು. ಗೋಡೆಯ ದೊಡ್ಡ ಗುಡ್ಡ ಬಲಕ್ಕಿರಬೇಕಿತ್ತು, ನಟ್ಟನಡುವೆ ಕೂತಿತ್ತು. ಚೌಕಟ್ಟಿನಲ್ಲಿ ಬಿಳಿಯೇ ತುಂಬಿದ್ದರೆ ಕ್ಯಾಮೆರಾ ಅದನ್ನು ನಡುಬೂದಿಗೆ ಇಳಿಸಿಬಿಡುತ್ತದೆ. ಅಂದಹಾಗೆ, ಎರಡೂ ತುದಿ ಖಾಲಿಯಿದ್ದು ಗುಡ್ಡವೆಲ್ಲ ನಡುವೆ ಮುದುಡಿದ್ದರೆ ಚಿತ್ರ ಸಪ್ಪೆ. ಅಜ್ಜಿಯ ಕಪ್ಪು ಕೂದಲು ಎಡಕ್ಕೆ ಚಾಚಿದ್ದರಿಂದ ಇದು ಹಾಗಲ್ಲ, ಬರೀ ಕತ್ತಲೆ.

ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1ಕ್ಕೆ ಇಟ್ಟು ಮತ್ತೆ ತೆಗೆದೆ. ಗುಡ್ಡ ಬಲಕ್ಕೆ ಸರಿಯಿತು, ಅಂಚಿಗೆ ತಾಗಲಿಲ್ಲ, ಮುಖ ಬೆಳಗಿತು. ಆಸೆಬಿದ್ದು +2 ಮಾಡಿದಾಗ ಗುಡ್ಡ ಬಲ ಅಂಚಿಗೆ ಒತ್ತಿಕೊಂಡು ಬಿಳಿ ಸೆರಗಿನ ನೆರಿಗೆಗಳೇ ಮಾಯ.