ಬಿಆರ್‌ಎಸ್ ತಾಳೆಯಾದ ಮೇಲೂ ನಾನು ನೋಡುವ ನಾಲ್ಕು ಎಂಟ್ರಿಗಳು

ಕಲಬುರಗಿಯ ದಾಲ್ ಮಿಲ್ಲುಗಳ ಲೆಕ್ಕ ಬರೆಯುವವರಿಗೆ ಜನವರಿ ಕೊನೆ ಎಂದರೆ ಚೆಕ್‌ಗಳ ಕಾಲ. ಹೊಸ ತೊಗರಿ ಗಂಜ್‌ಗೆ ಬಂದಿರುತ್ತದೆ. ಅಡತಿ ಅಂಗಡಿಗೆ, ಗೋಣಿಚೀಲದವರಿಗೆ, ಲಾರಿಯವರಿಗೆ ದಿನವೂ ಚೆಕ್ ಹೋಗುತ್ತವೆ. ಬೇಳೆ ಕೊಂಡವರಿಂದ ಚೆಕ್ ಬರುತ್ತವೆ. ತಿಂಗಳ ಕೊನೆಗೆ ಪುಸ್ತಕದ ಬ್ಯಾಲೆನ್ಸೂ ಬ್ಯಾಂಕ್ ಸ್ಟೇಟ್‌ಮೆಂಟಿನ ಬ್ಯಾಲೆನ್ಸೂ ಒಂದೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ನೋಡಬೇಕಾದ್ದು ವ್ಯತ್ಯಾಸ ಯಾವುದರಿಂದ ಬಂತು ಎಂಬುದನ್ನು. ಅದನ್ನು ತೋರಿಸುವ ಪಟ್ಟಿಯೇ ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್, ಅಂದರೆ ಬಿಆರ್‌ಎಸ್. ಬರೀ ಕೂಡಿ ಕಳೆದು ತಾಳೆ ಮಾಡಿದ ಬಿಆರ್‌ಎಸ್‌ನಲ್ಲಿ ತಪ್ಪು ಎಷ್ಟು ಸುಲಭವಾಗಿ ಅಡಗುತ್ತದೆ ಎಂದು ತೋರಿಸಲು ಒಂದು ಮಿಲ್ಲಿನ ಕರೆಂಟ್ ಖಾತೆಯ ಮಾದರಿ ಲೆಕ್ಕವನ್ನು ಇಲ್ಲಿ ಬಿಡಿಸುತ್ತೇನೆ.

ತಾರೀಖು 31 ಜನವರಿ 2026, ಶನಿವಾರ. ತಿಂಗಳ ಐದನೇ ಶನಿವಾರವಾದ್ದರಿಂದ ಬ್ಯಾಂಕ್ ತೆರೆದಿತ್ತು, ಮರುದಿನ ಭಾನುವಾರ. ಲೆಡ್ಜರ್‌ನಲ್ಲಿ ಬ್ಯಾಂಕ್ ಬ್ಯಾಲೆನ್ಸ್ 4,86,912 ರೂಪಾಯಿ. ಸ್ಟೇಟ್‌ಮೆಂಟ್‌ನಲ್ಲಿ 5,61,522. ವ್ಯತ್ಯಾಸ 74,610.

ಜನವರಿ ಎಂಟ್ರಿಗಳಿಗೆ ಕೈ ಹಾಕುವ ಮೊದಲು ಡಿಸೆಂಬರ್‌ನ ಬಿಆರ್‌ಎಸ್ ಎದುರಿಗೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಬಾಕಿ ಉಳಿದಿದ್ದ ಪ್ರತಿ ಚೆಕ್ಕೂ ಜನವರಿ ಸ್ಟೇಟ್‌ಮೆಂಟಿನಲ್ಲಿ ಎಲ್ಲಿ ಪಾಸಾಗಿದೆ ಎಂದು ಮೊದಲು ಟಿಕ್ ಹಾಕಬೇಕು. ಇದನ್ನು ಬಿಟ್ಟು ಜನವರಿ ಒಂದರಿಂದ ಶುರು ಮಾಡಿದರೆ ಹಳೆಯ ಚೆಕ್ ಒಂದು ಎರಡೂ ಪಟ್ಟಿಯಿಂದ ಜಾರಿಹೋಗುತ್ತದೆ, ಆಮೇಲೆ ಇಡೀ ದಿನ ಹುಡುಕಾಟ. ಆ ನಂತರವೇ ಈ ತಿಂಗಳ ಎಂಟ್ರಿಗಳು: ಸ್ಟೇಟ್‌ಮೆಂಟಿನ ಒಂದು ಸಾಲು, ಲೆಡ್ಜರಿನ ಒಂದು ಸಾಲು, ಚೆಕ್ ನಂಬರ್ ಮತ್ತು ಮೊತ್ತ ಎರಡೂ ಕೂಡಿದರೆ ಟಿಕ್. ಮೊತ್ತ ಮಾತ್ರ ನೋಡಿ ಟಿಕ್ ಹಾಕಬಾರದು. ಒಬ್ಬರೇ ಲಾರಿ ಮಾಲೀಕರಿಗೆ ಒಂದೇ ಮೊತ್ತದ ಎರಡು ಚೆಕ್ ಹೋಗಿರುವುದು ಸೀಜನ್‌ನಲ್ಲಿ ಮಾಮೂಲು.

ಟಿಕ್ ಆಗದೆ ಉಳಿದವು ಇಷ್ಟು. ನಾವು ಕೊಟ್ಟ ಚೆಕ್‌ಗಳಲ್ಲಿ 000411 ಅಡತಿ ಅಂಗಡಿಗೆ 1,12,500. 000414 ಗೋಣಿಚೀಲಕ್ಕೆ 38,600. 000416 ಲಾರಿ ಬಾಡಿಗೆ 24,900. 000418 ಇನ್ನೊಂದು ಅಡತಿಗೆ 40,000. ಜೊತೆಗೆ ಹಳೆಯ ಚೆಕ್‌ಬುಕ್ಕಿನ ಒಂದು, 18 ಅಕ್ಟೋಬರ್ 2025ರದ್ದು, 6,200. ಒಟ್ಟು 2,22,200. ಜಮೆಯ ಕಡೆ ಬೀದರಿನ ಅಂಗಡಿಯವರ ಚೆಕ್ 92,000 ಮತ್ತು ನಗದು ಜಮೆ 55,000, ಒಟ್ಟು 1,47,000. ಸ್ಟೇಟ್‌ಮೆಂಟಿನಲ್ಲಿದ್ದು ಪುಸ್ತಕದಲ್ಲಿಲ್ಲದ್ದು ಬ್ಯಾಂಕ್ ಚಾರ್ಜು 590.

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಸಿಬಿಡುತ್ತಾರೆ. 4,86,912ಕ್ಕೆ 2,22,200 ಕೂಡಿಸಿ, 1,47,000 ಕಳೆದು, 590 ಕಳೆದರೆ 5,61,522. ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ. ಆದರೂ ಈ ಬಿಆರ್‌ಎಸ್ ತಪ್ಪು. ಕೂಡಿಸಿ ಕಳೆಯುವ ಲೆಕ್ಕಕ್ಕೆ ಯಾವ ಎಂಟ್ರಿ ನಿಜವಾಗಿ ಬ್ಯಾಂಕಿನ ಹಾದಿಯಲ್ಲಿದೆ, ಯಾವುದು ಬರೀ ಪುಸ್ತಕದಲ್ಲಿದೆ ಎಂದು ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ತಪ್ಪು ಬರೆದದ್ದನ್ನೂ ಬಾಕಿ ಎಂದು ಪಟ್ಟಿಗೆ ಸೇರಿಸಿದರೆ ತಾಳೆ ಆಗಿಯೇ ತೀರುತ್ತದೆ.

ಮೊದಲು ಆ 55,000 ನಗದು. ಪುಸ್ತಕದಲ್ಲಿ 31ರಂದು, ಗಲ್ಲಾದ ನಗದು ಬ್ಯಾಂಕಿಗೆ ಹೋಯಿತೆಂದು ತೋರಿಸುವ ಕಾಂಟ್ರಾ ಎಂಟ್ರಿ ಬಿದ್ದಿದೆ. ಜಮೆ ಚೀಟಿಯ ಅರ್ಧಭಾಗ ತೆಗೆದು ಬೆಳಕಿಗೆ ಹಿಡಿದರೆ ನೀಲಿ ಸೀಲಿನೊಳಗೆ ತಾರೀಖು 2 ಫೆಬ್ರುವರಿ. ಚೀಟಿ ಬರೆದದ್ದು ಶನಿವಾರ ಸಂಜೆ, ಕೌಂಟರಿಗೆ ಕೊಟ್ಟದ್ದು ಸೋಮವಾರ. ನಗದು ಕೌಂಟರಿನಲ್ಲಿ ಕೊಟ್ಟ ದಿನವೇ ಖಾತೆಗೆ ಬರುತ್ತದೆ. ಹಾಗಾಗಿ ಕೌಂಟರಿಗೆ ಕೊಟ್ಟ ನಗದು 'ದಾರಿಯಲ್ಲಿರುವ ಜಮೆ' ಎಂದು ಪಟ್ಟಿಯಲ್ಲಿ ಕಂಡರೆ ನಾನು ಒಪ್ಪುವುದಿಲ್ಲ, ಚೀಟಿ ಕೇಳುತ್ತೇನೆ. 31ರ ರಾತ್ರಿ ಆ ಹಣ ಮಿಲ್ಲಿನ ಗಲ್ಲಾದಲ್ಲೇ ಇತ್ತು. ಅಂದು ನಗದು ಎಣಿಸಿದ್ದರೆ ಕ್ಯಾಶ್‌ಬುಕ್ಕಿಗಿಂತ 55,000 ಹೆಚ್ಚು ಸಿಗುತ್ತಿತ್ತು. ಕಾಂಟ್ರಾದ ತಾರೀಖನ್ನು 2 ಫೆಬ್ರುವರಿಗೆ ಬದಲಿಸಬೇಕು.

ಎರಡನೆಯದು ಚೆಕ್ 000418. ಇಲ್ಲಿ ಚೆಕ್‌ಬುಕ್ಕನ್ನೇ ಕೈಯಲ್ಲಿ ಹಿಡಿಯಬೇಕು. 000411ರಿಂದ 000418ರವರೆಗೆ ಒಂದೊಂದು ನಂಬರೂ ಎಲ್ಲಿದೆ ಎಂದು ನೋಡುತ್ತೇನೆ. 412, 413, 415 ಪಾಸಾಗಿವೆ. 417 ಬರೆಯುವಾಗ ಕೆಟ್ಟದ್ದು, ಅಡ್ಡಗೆರೆ ಎಳೆದು ರದ್ದು ಮಾಡಿ ಪುಸ್ತಕದಲ್ಲೇ ಪಿನ್ ಹಾಕಿದೆ. 418 ಸಹಿಯಾಗಿ ಡ್ರಾಯರಿನಲ್ಲಿದೆ. ಕ್ಲರ್ಕನ್ನು ಕೇಳಿದರೆ ಉತ್ತರ ಸರಳ: "ಬರ್ದೀನ್ರಿ, ಖರೆ ಕೊಟ್ಟಿಲ್ರಿ. ಪಟ್ಟಿ ಬಂದಿಲ್ಲ ಅವರ್ದು." ಅಡತಿಯವರ ಪಟ್ಟಿ, ಎಂದರೆ ಬಿಲ್ಲು, ಬರಲಿ ಎಂದು ತಡೆಹಿಡಿದ ಚೆಕ್ ಅದು. ಕೈಬಿಟ್ಟು ಹೋಗದ ಚೆಕ್‌ನಿಂದ ಯಾರ ಬಾಕಿಯೂ ತೀರುವುದಿಲ್ಲ. ಅದು ಪಾಸಾಗದ ಚೆಕ್ ಅಲ್ಲ, ಇನ್ನೂ ಕೊಡದ ಚೆಕ್. ಪೇಮೆಂಟ್ ಎಂಟ್ರಿಯನ್ನು ಕೊಡುವ ದಿನದ ತಾರೀಖಿಗೆ ಒಯ್ಯಬೇಕು. ಆಗ 31ರಂದು ಬ್ಯಾಂಕಿಗೆ 40,000 ಮರಳಿ ಕೂಡುತ್ತದೆ, ಅಡತಿಯವರ ಖಾತೆಯಲ್ಲಿ ನಮ್ಮ ಬಾಕಿಯೂ ಅಷ್ಟೇ ಏರುತ್ತದೆ. ತಿಂಗಳ ಕೊನೆಯ ದಿನ ಒಟ್ಟಿಗೆ ಏಳೆಂಟು ಚೆಕ್ ಬರೆದಿರುವುದು ಕಂಡರೆ ಡ್ರಾಯರ್ ನೋಡದೆ ಬಿಆರ್‌ಎಸ್‌ಗೆ ಸಹಿ ಹಾಕಬಾರದು.

ಮೂರನೆಯದು ಅಕ್ಟೋಬರಿನ 6,200. ಚೆಕ್‌ಗೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳಷ್ಟೇ ಆಯುಷ್ಯ. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. 18 ಅಕ್ಟೋಬರಿನ ಚೆಕ್ ಜನವರಿ ಕೊನೆಗೆ ಬ್ಯಾಂಕಿಗೆ ಹೋದರೂ ಪಾಸಾಗುವುದಿಲ್ಲ. ಪಾಸಾಗಲಾರದ ಚೆಕ್ಕನ್ನು ಪಾಸಾಗಬೇಕಾದ ಪಟ್ಟಿಯಲ್ಲಿ ಇಡುವುದು ಹೇಗೆ? ಪಾರ್ಟಿಗೆ ಫೋನ್ ಮಾಡಿ, ಚೆಕ್ ಕಳೆದಿದೆಯೋ ಅವರ ಬಳಿಯೇ ಇದೆಯೋ ಕೇಳಿ, ಬ್ಯಾಂಕನ್ನು ಡೆಬಿಟ್ ಮಾಡಿ ಪಾರ್ಟಿಯನ್ನು ಕ್ರೆಡಿಟ್ ಮಾಡುತ್ತೇನೆ. ಕೆಲವರು ಇಂಥ ಮೊತ್ತವನ್ನು ಇತರೆ ಆದಾಯಕ್ಕೆ ಹಾಕಿಬಿಡುತ್ತಾರೆ, ಅದು ಸರಿಯಲ್ಲ. ಚೆಕ್ ಹಳತಾದರೆ ಸಾಲ ತೀರಿದಂತಲ್ಲ, ಕೊಡುವುದು ಇದ್ದೇ ಇರುತ್ತದೆ. ಹೊಸ ಚೆಕ್ ಕೊಡುವಾಗ ಹಳೆಯದನ್ನು ವಾಪಸ್ ಪಡೆಯಬೇಕು.

ಬ್ಯಾಂಕ್ ಚಾರ್ಜು 590 ಪುಸ್ತಕಕ್ಕೆ ಬರಬೇಕು: 500 ಚಾರ್ಜು, ಅದರ ಮೇಲೆ ಶೇ 18ರ ಜಿಎಸ್‌ಟಿ 90. ಬಿಆರ್‌ಎಸ್‌ನಲ್ಲಿ ಕಳೆದು ಬಿಟ್ಟರೆ ಅದು ಪ್ರತಿ ತಿಂಗಳೂ ಪಟ್ಟಿಯಲ್ಲಿ ಉಳಿಯುತ್ತಲೇ ಹೋಗುತ್ತದೆ.

ಈ ನಾಲ್ಕನ್ನೂ ಪುಸ್ತಕದಲ್ಲಿ ಸರಿಪಡಿಸಿದ ಮೇಲೆ ಹೊಸ ಬ್ಯಾಲೆನ್ಸ್: 4,86,912ರಿಂದ 55,000 ಹೋಗಿ, 40,000 ಮತ್ತು 6,200 ಸೇರಿ, 590 ಹೋಗಿ 4,77,522. ಬಿಆರ್‌ಎಸ್ ಶುರುವಾಗಬೇಕಾದ್ದು ಇಲ್ಲಿಂದ:

ಪುಸ್ತಕದ ಬ್ಯಾಲೆನ್ಸ್, ಸರಿಪಡಿಸಿದ್ದು: 4,77,522
ಕೂಡಿಸಿ, ಪಾಸಾಗದ ಚೆಕ್‌ಗಳು (000411, 000414, 000416): 1,76,000
ಕಳೆಯಿರಿ, ದಾರಿಯಲ್ಲಿರುವ ಜಮೆ (ಬೀದರ್ ಚೆಕ್): 92,000
ಸ್ಟೇಟ್‌ಮೆಂಟಿನ ಬ್ಯಾಲೆನ್ಸ್: 5,61,522

ಉತ್ತರ ಅದೇ ಬಂತು, ಆದರೆ ಪುಸ್ತಕ ಬೇರೆಯಾಯಿತು. ಬ್ಯಾಂಕ್ ಬ್ಯಾಲೆನ್ಸ್ 9,390 ಕಡಿಮೆ, ಕೈಯಲ್ಲಿರುವ ನಗದು 55,000 ಹೆಚ್ಚು, ಕೊಡಬೇಕಾದ ಬಾಕಿ 46,200 ಹೆಚ್ಚು. ತಿಂಗಳಿಗೊಮ್ಮೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವ ಮಿಲ್ಲುಗಳಿಗೆ ಈ ಕೊನೆಯ ಅಂಕಿ ಮುಖ್ಯ, ಏಕೆಂದರೆ ಸಾಲದ ಖಾತೆಯಿಂದ ಎಷ್ಟು ತೆಗೆಯಬಹುದು ಎಂಬ ಡ್ರಾಯಿಂಗ್ ಪವರ್ ಲೆಕ್ಕದಲ್ಲಿ ಸ್ಟಾಕಿನಿಂದ ಸರಕು ಕೊಟ್ಟವರ ಬಾಕಿ ಕಳೆಯುತ್ತಾರೆ. ಬಾಕಿ ಕಡಿಮೆ ತೋರಿಸಿದರೆ ಇಲ್ಲದ ಮಿತಿ ಇದ್ದಂತೆ ಕಾಣುತ್ತದೆ.

ಇನ್ನು ಬೀದರ್ ಚೆಕ್. ಶನಿವಾರ ಸಂಜೆ ನಾಲ್ಕೂವರೆಗೆ ಅದನ್ನು ಬ್ಯಾಂಕಿನ ಚೆಕ್ ಡಬ್ಬಿಗೆ ಹಾಕಿದ್ದು. ಮೊದಲು ಚೆಕ್ ಹಾಕಿ ಎರಡು ದಿನ ಕಾಯುವುದು ರೂಢಿಯಾಗಿತ್ತು. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುತ್ತದೆ: ಈಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಚೆಕ್‌ನ ಚಿತ್ರ ಹೋಗುತ್ತಿರುತ್ತದೆ, ಹಣ ಕೊಡುವ ಬ್ಯಾಂಕು ಸಂಜೆ 7ರೊಳಗೆ ಪಾಸೋ ವಾಪಸೋ ಹೇಳಬೇಕು, ಹೇಳದಿದ್ದರೆ ಪಾಸಾದಂತೆ. ಚಿತ್ರವೇ ಹೋಗುವುದರಿಂದ ಚೆಕ್ ಬೀದರಿನದ್ದೋ ಮುಂಬೈಯದ್ದೋ ಎಂಬುದರಿಂದ ವ್ಯತ್ಯಾಸವಿಲ್ಲ. ಆ ಹೊತ್ತು ಮುಗಿದ ಮೇಲೆ ಬಿದ್ದ ನಮ್ಮ ಚೆಕ್ ಭಾನುವಾರ ದಾಟಿ ಸೋಮವಾರ, 2 ಫೆಬ್ರುವರಿಗೆ ಹೋಗಬೇಕು, ಅಂದೇ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು. ಕಂಡಿತು. ಹಾಗಾಗಿ ಇದು ನಿಜವಾದ ದಾರಿಯಲ್ಲಿರುವ ಜಮೆ. ಇದೇ ಚೆಕ್ 27ನೇ ತಾರೀಖಿನದ್ದಾಗಿ 31ಕ್ಕೂ ಬಾರದೆ ಇದ್ದಿದ್ದರೆ ಪಟ್ಟಿಗೆ ಹಾಕುವ ಮೊದಲು ಬ್ಯಾಂಕಿಗೆ ಹೋಗಿ ಕೇಳಬೇಕಿತ್ತು: ವಾಪಸಾಗಿದೆಯೋ, ಬೇರೆ ಖಾತೆಗೆ ಬಿದ್ದಿದೆಯೋ, ಡಬ್ಬಿಗೆ ಹೋಗಿಯೇ ಇಲ್ಲವೋ. ಎಣಿಸುವಾಗ ರಜೆ ಮರೆಯಬಾರದು. ಇದೇ ಜನವರಿಯಲ್ಲಿ 24 ನಾಲ್ಕನೇ ಶನಿವಾರ, 25 ಭಾನುವಾರ, 26 ಗಣರಾಜ್ಯೋತ್ಸವ. 23ರ ಸಂಜೆ ಹಾಕಿದ ಚೆಕ್ ಆ ಮೂರು ದಿನ ನಿಂತಲ್ಲೇ ನಿಂತಿದ್ದರೆ ಅದರಲ್ಲಿ ದೋಷವಿಲ್ಲ.

ನಾವು ಕೊಟ್ಟ ಚೆಕ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ಯಾವಾಗ ಪಾಸಾಗುವುದೆಂಬುದು ಪಡೆದವರು ಯಾವಾಗ ಹಾಕುತ್ತಾರೆ ಎಂಬುದರ ಮೇಲಿದೆ. ಆದರೆ ಅವರು ಬೆಳಿಗ್ಗೆ ಹಾಕಿದರೆ ಅಂದೇ ನಮ್ಮ ಖಾತೆಯಿಂದ ಹೋಗುತ್ತದೆ. ಪಾಸಾಗದ 1,76,000ವನ್ನು ಸ್ಟೇಟ್‌ಮೆಂಟಿನಲ್ಲಿ ನೋಡಿ ನಮ್ಮದೇ ಹಣವೆಂದು ಖರ್ಚು ಮಾಡುವಂತಿಲ್ಲ. ಮಾಲೀಕರಿಗೆ ಬ್ಯಾಲೆನ್ಸ್ ಹೇಳುವಾಗ ನಾನು ಪುಸ್ತಕದ್ದನ್ನೇ ಹೇಳುವುದು, ಅದರಿಂದಲೂ ದಾರಿಯಲ್ಲಿರುವ 92,000 ಬಿಟ್ಟು.

ಟ್ಯಾಲಿಯಲ್ಲಿ ಮಾಡುವವರು `Bank Reconciliation` ತೆರೆದು `Bank Date` ಕಾಲಂನಲ್ಲಿ ಸ್ಟೇಟ್‌ಮೆಂಟಿನ ತಾರೀಖನ್ನು ನೋಡಿ ಒಂದೊಂದಾಗಿ ಹಾಕಬೇಕು. 000411 ಪಾಸಾದದ್ದು 2 ಫೆಬ್ರುವರಿಗೆ, ಹಾಗಾಗಿ ಅಲ್ಲಿ 2-2-2026. ಅವಸರದಲ್ಲಿ ವೌಚರಿನ ತಾರೀಖನ್ನೇ ಹಾಕಿದರೆ ಅದು ಜನವರಿಯಲ್ಲೇ ಪಾಸಾದಂತಾಗಿ 31ರ ಪಟ್ಟಿಯಿಂದ ಮಾಯವಾಗುತ್ತದೆ, ಬ್ಯಾಲೆನ್ಸ್ 1,12,500 ತಪ್ಪುತ್ತದೆ. ಸ್ಟೇಟ್‌ಮೆಂಟಿನಲ್ಲಿ ಎರಡು ತಾರೀಖಿದ್ದರೆ ಬ್ಯಾಲೆನ್ಸ್ ಬದಲಾದ ತಾರೀಖನ್ನು ತೆಗೆದುಕೊಳ್ಳಿ, ವ್ಯಾಲ್ಯೂ ಡೇಟ್ ಅಲ್ಲ.

ತಾಳೆ ಆಗದೆ ಉಳಿದಾಗ ವ್ಯತ್ಯಾಸದ ಅರ್ಧ ಮಾಡಿ ನೋಡುತ್ತೇನೆ. 92,000 ಕಳೆಯುವ ಬದಲು ಕೂಡಿಸಿದ್ದರೆ ವ್ಯತ್ಯಾಸ 1,84,000 ಬರುತ್ತದೆ. ಅರ್ಧ ಮಾಡಿದರೆ ತಪ್ಪಿದ ಎಂಟ್ರಿ ಎದುರಿಗೇ ನಿಲ್ಲುತ್ತದೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರುವ ಅನುಮಾನ: 5,460ನ್ನು 4,560 ಎಂದು ಬರೆದರೆ ವ್ಯತ್ಯಾಸ 900. ಸಿಸಿ ಅಥವಾ ಓಡಿಯಂಥ ಸಾಲದ ಖಾತೆಯಾದರೆ ಬ್ಯಾಲೆನ್ಸಿಗೆ ಋಣ ಚಿಹ್ನೆ ಹಾಕಿಕೊಂಡು ಇದೇ ಕ್ರಮದಲ್ಲಿ ಹೋಗುವುದು ಒಳ್ಳೆಯದು. ಕೂಡುವುದು ಕಳೆಯುವುದನ್ನು ತಿರುಗಿಸಲು ಹೋದರೆ ಗೊಂದಲವಾಗುತ್ತದೆ.

ಫೆಬ್ರುವರಿ ಹತ್ತಕ್ಕೆ ಮತ್ತೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಜನವರಿ ಪಟ್ಟಿಯ ಪಕ್ಕದಲ್ಲೇ ಪಾಸಾದ ತಾರೀಖು ಬರೆಯುತ್ತೇನೆ. ಇಲ್ಲಿ ಬೀದರ್ ಚೆಕ್ 2ಕ್ಕೆ, 000411 ಸಹ 2ಕ್ಕೆ, 000414 ಮೂರಕ್ಕೆ, 000416 ಐದಕ್ಕೆ. ಯಾವುದಾದರೂ ಒಂದರ ಮುಂದೆ ತಾರೀಖು ಬೀಳದೆ ಉಳಿದರೆ ಅಂದೇ ಆ ಪಾರ್ಟಿಗೆ ಫೋನು.